ಹಂಡೆಯ ನೀರು ಕಾಯುವಾಗ

ಉಷ್ಣದ ಪಾಠದಿಂದ ಎರಡು ಅಂಕದ ಪ್ರಶ್ನೆ ಬಂದಾಗ ಮಕ್ಕಳು ವಹನ, ಸಂವಹನ, ವಿಕಿರಣ ಎಂಬ ಹೆಸರುಗಳನ್ನು ಮರೆಯುವುದಿಲ್ಲ. ಯಾವ ಉದಾಹರಣೆ ಯಾವ ಹೆಸರಿಗೆ ಸೇರುತ್ತದೆ ಎಂಬಲ್ಲಿ ತಪ್ಪುತ್ತಾರೆ. ಮೂರನ್ನೂ ಒಂದೇ ಕಡೆ ನೋಡಬೇಕೆಂದರೆ ಮಲೆನಾಡಿನ ಬಚ್ಚಲುಮನೆಯ ಒಲೆಗಿಂತ ಒಳ್ಳೆಯ ಜಾಗ ಇಲ್ಲ. ಕೆಳಗೆ ಸೌದೆ ಉರಿ, ಮೇಲೆ ತಾಮ್ರದ ಹಂಡೆ, ಅದರ ತುಂಬ ನೀರು.

ಮೊದಲು ಹಂಡೆಯ ತಳ. ಉರಿ ತಾಗುವುದು ತಳದ ಹೊರಮೈಗೆ, ನೀರು ಇರುವುದು ಒಳಮೈಗೆ. ತಾಮ್ರದ ಕಣಗಳು ಇದ್ದ ಜಾಗ ಬಿಟ್ಟು ಹೋಗುವುದಿಲ್ಲ. ಬಿಸಿಯಾದ ಕಣ ಜೋರಾಗಿ ಕಂಪಿಸಿ ಪಕ್ಕದ ಕಣಕ್ಕೆ ಶಕ್ತಿ ದಾಟಿಸುತ್ತದೆ, ಸಾಲಾಗಿ ನಿಂತ ಆಳುಗಳು ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿದ ಹಾಗೆ. ಲೋಹದಲ್ಲಿ ಈ ಕೆಲಸದ ಹೆಚ್ಚಿನ ಪಾಲನ್ನು ಮುಕ್ತ ಎಲೆಕ್ಟ್ರಾನುಗಳು ಮಾಡುತ್ತವೆ. ಇದು ವಹನ. ತಾಮ್ರ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಉಷ್ಣವನ್ನು ದಾಟಿಸುತ್ತದೆ. ಸ್ಟೀಲ್ ಪಾತ್ರೆಗಳ ತಳಕ್ಕೆ ತಾಮ್ರದ ಲೇಪ ಕೊಡುವುದು ಇದೇ ಕಾರಣಕ್ಕೆ.

ಒಳಗಿನ ನೀರಿನ ಕತೆ ಬೇರೆ. ನೀರು ಉಷ್ಣದ ಕಳಪೆ ವಾಹಕ. ಇದನ್ನು ಶಾಲೆಯ ಪ್ರಯೋಗಾಲಯದಲ್ಲೇ ನೋಡಬಹುದು. ಪ್ರನಾಳದ ತಳಕ್ಕೆ ಐಸ್ ತುಂಡು ಹಾಕಿ, ಅದು ತೇಲದಂತೆ ತಂತಿ ಜಾಲರಿಯಿಂದ ಅದುಮಿ, ಮೇಲೆ ನೀರು ತುಂಬಿ, ಪ್ರನಾಳವನ್ನು ಓರೆಯಾಗಿ ಹಿಡಿದು ಬಾಯಿಯ ಹತ್ತಿರ ಮಾತ್ರ ಕಾಯಿಸಬೇಕು. ಮೇಲಿನ ನೀರು ಕುದಿಯತೊಡಗುತ್ತದೆ, ಕೆಳಗಿನ ಐಸ್ ಇನ್ನೂ ಹಾಗೇ ಇರುತ್ತದೆ.

ಹಾಗಿದ್ದೂ ಹಂಡೆಯ ನೀರೆಲ್ಲ ಕಾಯುವುದು ಹೇಗೆ? ಬಿಸಿ ತಳದಿಂದ ಬರುವುದರಿಂದ. ತಳದ ನೀರು ಕಾದು ಹಿಗ್ಗುತ್ತದೆ, ಸಾಂದ್ರತೆ ಕಡಿಮೆಯಾಗಿ ಮೇಲೇಳುತ್ತದೆ. ಅದರ ಜಾಗಕ್ಕೆ ಮೇಲಿನ ತಣ್ಣೀರು ಇಳಿದು, ತಾನೂ ಕಾದು ಏಳುತ್ತದೆ. ಇಲ್ಲಿ ನೀರೇ ಬಿಸಿಯನ್ನು ಹೊತ್ತು ಚಲಿಸುತ್ತಿದೆ. ಇದು ಸಂವಹನ. ಉತ್ತರದಲ್ಲಿ ‘ಬಿಸಿ ಮೇಲೇರುತ್ತದೆ’ ಎಂದಷ್ಟೇ ಬರೆದರೆ ಸಾಲದು. ಮೇಲೇರುವುದು ಬಿಸಿಯಾದ ನೀರು ಅಥವಾ ಗಾಳಿ, ಕಾರಣ ಸಾಂದ್ರತೆಯ ಇಳಿಕೆ. ಅಂಕ ಇರುವುದು ಈ ಕಾರಣಕ್ಕೆ. ಬಕೆಟ್ಟಿಗೆ ಇಳಿಬಿಡುವ ಕರೆಂಟಿನ ಕಾಯಿಲ್ ಅನ್ನು ಮೇಲ್ಮಟ್ಟದಲ್ಲೇ ತೂಗುಹಾಕಿದರೆ ಅದರ ಕೆಳಗಿನ ನೀರು ತಣ್ಣಗೇ ಉಳಿಯುವುದೂ ಇದರಿಂದಲೇ. ಮೇಲಿರುವ ಬಿಸಿನೀರಿಗೆ ಕೆಳಗಿಳಿಯಲು ಕಾರಣವಿಲ್ಲ. (ನೋಡಬೇಕೆನಿಸಿದರೆ ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಿ.)

ಈಗ ಒಲೆಯ ಮುಂದೆ ಚಳಿ ಕಾಯಿಸುತ್ತ ಕುಳಿತವರ ಕಡೆ ಬರೋಣ. ಅತಿ ಹೆಚ್ಚು ತಪ್ಪುತ್ತರ ಬರುವುದು ಇಲ್ಲೇ: ‘ಒಲೆಯ ಬಿಸಿಗಾಳಿ ಬಂದು ಮುಖಕ್ಕೆ ತಾಗುತ್ತದೆ, ಆದ್ದರಿಂದ ಸಂವಹನ.’ ಬಿಸಿಗಾಳಿ ಹೋಗುವುದು ಮೇಲಕ್ಕೆ. ಒಲೆಯ ಬಾಯಿಯಲ್ಲಿ ಗಾಳಿ ಕುಳಿತವರ ಕಡೆಯಿಂದ ಉರಿಯ ಕಡೆಗೆ ಸರಿಯುತ್ತಿರುತ್ತದೆ. ಹತ್ತಿರ ಹಿಡಿದ ಊದುಬತ್ತಿಯ ಹೊಗೆ ಒಳಕ್ಕೆ ಬಾಗುವುದನ್ನು ನೋಡಿದರೆ ಸಂಶಯ ಉಳಿಯುವುದಿಲ್ಲ. ಗಾಳಿ ಆ ಕಡೆ ಹೋಗುತ್ತಿದ್ದರೂ ಮುಖ ಈ ಕಡೆ ಕಾಯುತ್ತದೆ. ನಡುವೆ ಒಂದು ರಟ್ಟು ಹಿಡಿದರೆ ಆ ಕ್ಷಣವೇ ಬಿಸಿ ನಿಲ್ಲುತ್ತದೆ, ತೆಗೆದರೆ ಮತ್ತೆ ತಾಗುತ್ತದೆ. ಬೆಳಕಿನಂತೆ ನೇರವಾಗಿ ಬರುವ, ಮಾಧ್ಯಮವೇ ಬೇಡದ ಇದು ವಿಕಿರಣ. ಸೂರ್ಯನ ಶಾಖ ಸುಮಾರು 15 ಕೋಟಿ ಕಿಲೋಮೀಟರ್ ಶೂನ್ಯವನ್ನು ದಾಟಿ ನಮ್ಮ ಅಂಗಳಕ್ಕೆ ಬರುವುದೂ ಹೀಗೆಯೇ.

ಆದ್ದರಿಂದ ಪ್ರಶ್ನೆ ಓದಿದಾಗ ಮೊದಲು ಕೇಳಿಕೊಳ್ಳಬೇಕಾದದ್ದು: ವಸ್ತು ತಾನೇ ಚಲಿಸಿತೇ? ಚಲಿಸಿದರೆ ಸಂವಹನ. ಇಲ್ಲವಾದರೆ, ನಡುವಿನ ವಸ್ತುವಿನ ಮೂಲಕ ಕಣದಿಂದ ಕಣಕ್ಕೆ ದಾಟಿತೇ, ಅಥವಾ ವಸ್ತುವಿನ ಹಂಗೇ ಇಲ್ಲದೆ ಬಂತೇ ಎಂದು ನೋಡಿದರೆ ಆಯಿತು.

ಮೂರನ್ನೂ ಒಟ್ಟಿಗೆ ಪರೀಕ್ಷಿಸಲು ಥರ್ಮಾಸ್ ಫ್ಲಾಸ್ಕಿನ ಪ್ರಶ್ನೆ ಬರುತ್ತದೆ. 1892ರಲ್ಲಿ ಜೇಮ್ಸ್ ಡ್ಯೂಅರ್ ರೂಪಿಸಿದ ಈ ಪಾತ್ರೆಗೆ ಎರಡು ಗೋಡೆ, ನಡುವೆ ನಿರ್ವಾತ. ದಾಟಿಸಲು ಕಣಗಳಿಲ್ಲ, ಚಲಿಸಲು ಗಾಳಿಯಿಲ್ಲ; ಹಾಗಾಗಿ ಅಲ್ಲಿ ವಹನವೂ ಸಂವಹನವೂ ಬಹುಮಟ್ಟಿಗೆ ನಿಂತವು. ಆದರೆ ವಿಕಿರಣವನ್ನು ನಿರ್ವಾತ ತಡೆಯಲಾರದು. ಅದಕ್ಕಾಗಿಯೇ ಗಾಜಿನ ಗೋಡೆಗೆ ಬೆಳ್ಳಿಯ ಹೊಳಪು ಕೊಡುತ್ತಾರೆ; ಅದು ವಿಕಿರಣವನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಗೋಡೆಗಳು ಕೂಡುವ ಕತ್ತು ಮತ್ತು ಮುಚ್ಚಳದ ಮೂಲಕ ಸ್ವಲ್ಪ ಉಷ್ಣ ಹೋಗಿಯೇ ಹೋಗುತ್ತದೆ, ಆದ್ದರಿಂದ ಒಳಗಿನ ಕಾಫಿ ನಿಧಾನವಾಗಿ ಆರುತ್ತದೆ. ಆದರೆ ಸ್ಟೀಲ್ ಫ್ಲಾಸ್ಕಿಗೆ ಕುದಿನೀರು ಹಾಕಿದ ಸ್ವಲ್ಪ ಹೊತ್ತಿಗೇ ಹೊರಮೈ ಬೆಚ್ಚಗಾದರೆ, ಎಲ್ಲೋ ಬಿರುಕು ಬಿಟ್ಟು ಗೋಡೆಗಳ ನಡುವೆ ಗಾಳಿ ಸೇರಿದೆ ಎಂದೇ ಅರ್ಥ.