ಎಚ್‌ಆರ್ ಫೋನ್ ಇಟ್ಟ ಮೇಲೆ

"ಕಂಗ್ರಾಟ್ಸ್, 30 ಲಕ್ಷ ಸಿಟಿಸಿ ಕೊಡ್ತೀವಿ. ಓಕೆ ಅಲ್ವಾ?" ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಏಳು ವರ್ಷ ದುಡಿದ ಎಂಜಿನಿಯರ್ ಒಬ್ಬರಿಗೆ ಎಚ್‌ಆರ್‌ನಿಂದ ಇಂಥ ಕರೆ ಬಂತು ಅಂದುಕೊಳ್ಳಿ. ಆಗಲೇ ಹೂಂ ಎನ್ನುವುದೂ ಬೇಡ, ಕಡಿಮೆಯಾಯಿತು ಎನ್ನುವುದೂ ಬೇಡ. "ತುಂಬಾ ಸಂತೋಷ ಮೇಡಂ, ಬ್ರೇಕಪ್ ಮೇಲ್ ಮಾಡ್ತೀರಾ? ನಾಳೆ ಸಂಜೆಯೊಳಗೆ ತಿಳಿಸ್ತೀನಿ" ಎಂದರೆ ಸಾಕು.

ಬ್ರೇಕಪ್ ನೋಡಿದಾಗಲೇ 30 ಲಕ್ಷದ ಅಸಲಿ ಲೆಕ್ಕ ತಿಳಿಯುವುದು. ಅದರಲ್ಲಿ 3 ಲಕ್ಷ ವೇರಿಯಬಲ್. ಕಂಪನಿಯ ಸಾಧನೆ, ನಿಮ್ಮ ರೇಟಿಂಗ್ ನೋಡಿ ಕೊಡುವಂಥದ್ದು. ಬೇಸಿಕ್ 12 ಲಕ್ಷವಿದ್ದರೆ ಅದರ ಶೇ 12ರಂತೆ ಕಂಪನಿಯ ಪಾಲಿನ ಪಿಎಫ್ 1.44 ಲಕ್ಷ, ಶೇ 4.81ರಂತೆ ಗ್ರಾಚ್ಯುಟಿ ಸುಮಾರು 58 ಸಾವಿರ. ಇವನ್ನೆಲ್ಲ ಕಳೆದರೆ ತಿಂಗಳ ಸಂಬಳವಾಗಿ ಬರುವುದು ವರ್ಷಕ್ಕೆ ಸುಮಾರು 25 ಲಕ್ಷ, ಅದೂ ತೆರಿಗೆಗೆ ಮೊದಲು. ಈಗಿನ ಕೆಲಸದಲ್ಲಿ ಅದು 23 ಲಕ್ಷ ಇದ್ದರೆ, ಜಿಗಿತ ಕಂಡಷ್ಟು ದೊಡ್ಡದಲ್ಲ.

ಇನ್ನು ಮೇಲ್. ಎಚ್‌ಆರ್‌ನವರೇ ಹಣ ಮಂಜೂರು ಮಾಡುವುದು ಅಪರೂಪ. ಅವರು ನಿಮ್ಮ ಮಾತನ್ನು ಮ್ಯಾನೇಜರ್ ಮುಂದೆಯೋ ಫೈನಾನ್ಸ್‌ನವರ ಮುಂದೆಯೋ ಇಡಬೇಕು. ಹಾಗಾಗಿ ಅವರು ಹಾಗೇ ಫಾರ್ವರ್ಡ್ ಮಾಡುವಂತೆ ಬರೆಯಿರಿ. ಮನೆ ಸಾಲ, ಮಕ್ಕಳ ಫೀಸು ಅಲ್ಲಿ ಬೇಡ. ಅದನ್ನು ತೋರಿಸಿ ಯಾವ ಮ್ಯಾನೇಜರೂ ಮಂಜೂರಾತಿ ಪಡೆಯಲಾರರು. ಮೇಲ್ ಇಂಗ್ಲಿಷಿನಲ್ಲೇ ಹೋಗುತ್ತದೆ, ಅದರ ಸಾರ ಇಷ್ಟು:

"ಆಫರ್‌ಗೆ ಧನ್ಯವಾದ. ಪೇಮೆಂಟ್ಸ್ ತಂಡದ ಕೆಲಸ ನನಗೆ ಹಿಡಿಸಿದೆ, ಸೇರುವ ಮನಸ್ಸಿದೆ. ಈಗ ಇದೇ ಬಗೆಯ ಸಿಸ್ಟಂ ನೋಡಿಕೊಳ್ಳುತ್ತಿದ್ದೇನೆ, ನಾಲ್ವರ ಕೋಡ್ ರಿವ್ಯೂ ಮಾಡುತ್ತೇನೆ. ಇದನ್ನು ಗಮನಿಸಿ ಫಿಕ್ಸೆಡ್ ಭಾಗವನ್ನು 28 ಲಕ್ಷಕ್ಕೆ ಏರಿಸಲು ಸಾಧ್ಯವೇ? ಈಗ ಬಿಟ್ಟರೆ ಮಾರ್ಚ್‌ನಲ್ಲಿ ಬರಬೇಕಿದ್ದ 1.5 ಲಕ್ಷ ಬೋನಸ್ ತಪ್ಪುತ್ತದೆ. ಅದನ್ನು ಜಾಯ್ನಿಂಗ್ ಬೋನಸ್‌ನಲ್ಲಿ ಸರಿದೂಗಿಸಬಹುದೇ? ಇಷ್ಟಾದರೆ ಕೂಡಲೇ ಒಪ್ಪಿಗೆ ಕೊಡುತ್ತೇನೆ."

ಇದರಲ್ಲಿ ಕೆಲಸ ಮಾಡುವುದು ಕೊನೆಯ ವಾಕ್ಯ. ಇಷ್ಟು ಕೊಡಿಸಿದರೆ ಈ ಹುದ್ದೆ ಭರ್ತಿಯಾಯಿತು ಎಂಬ ಭರವಸೆ ಎಚ್‌ಆರ್‌ಗೆ ಸಿಗುತ್ತದೆ. ಕೇಳಿದ್ದು ಸಿಕ್ಕ ಮೇಲೆ ಮತ್ತೆ ಚೌಕಾಸಿಗೆ ಇಳಿದರೆ ಮಾತ್ರ ಹೆಸರು ಕೆಡುತ್ತದೆ. ಕೈಯಲ್ಲಿಲ್ಲದ ಇನ್ನೊಂದು ಆಫರ್ ಇದೆ ಎನ್ನುವುದು ಇನ್ನೂ ಅಪಾಯ. ಲೆಟರ್ ತೋರಿಸಿ ಎಂದರೆ ಅಲ್ಲಿಗೆ ಮುಗಿಯಿತು.

"ನಮ್ಮ ಬ್ಯಾಂಡ್ ಇಷ್ಟೇ" ಎಂಬ ಉತ್ತರ ಬರಬಹುದು, ಎಷ್ಟೋ ಸಲ ಅದು ನಿಜವೇ. ಆಗಲೂ ಜಾಯ್ನಿಂಗ್ ಬೋನಸ್ ಸಿಗುವ ಸಾಧ್ಯತೆ ಹೆಚ್ಚು. ಒಂದೇ ಸಲದ ಖರ್ಚಾದ್ದರಿಂದ ತಂಡದ ಉಳಿದವರ ಸಂಬಳದ ಜೊತೆ ತಾಳೆ ತಪ್ಪುವುದಿಲ್ಲ. ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕೆಂಬ ಷರತ್ತು ಇದೆಯೇ ಎಂದು ಓದಿಕೊಳ್ಳಿ. ಒಪ್ಪಿದ ಅಂಕಿಗಳೆಲ್ಲ ಆಫರ್ ಲೆಟರ್‌ನಲ್ಲಿ ಬರುವ ತನಕ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.