ಕುದುರೆ ಒದೆತ ಮತ್ತು ನಾಲ್ಕು ಸಾಲಿನ ಕೋಷ್ಟಕ

ಸಂಭವನೀಯತೆಯ ಅಧ್ಯಾಯವನ್ನು ಒಂದು ಪುಟಕ್ಕೆ ಇಳಿಸುವ ವಿದ್ಯಾರ್ಥಿಗಳು ಸೂತ್ರಗಳನ್ನು ತಪ್ಪದೆ ಬರೆದುಕೊಳ್ಳುತ್ತಾರೆ, ಷರತ್ತುಗಳನ್ನು ಬಿಟ್ಟುಬಿಡುತ್ತಾರೆ. ಪರೀಕ್ಷೆಯಲ್ಲಿ ಕಾಡುವುದು ಮಾತ್ರ ‘ಇಲ್ಲಿ ಯಾವ ಸೂತ್ರ?’ ಎಂಬ ಪ್ರಶ್ನೆ. ಆದ್ದರಿಂದ ಕೆಳಗಿನ ಕೋಷ್ಟಕದಲ್ಲಿ ಷರತ್ತಿನ ಕಾಲಂಗೇ ಹೆಚ್ಚು ಜಾಗ.

| ವಿತರಣೆ | ಷರತ್ತು | ಸರಾಸರಿ | ವೇರಿಯನ್ಸ್ | ಬಳಕೆ |
|---|---|---|---|---|
| ದ್ವಿಪದ | n ಪ್ರಯೋಗಗಳು, ಪ್ರತಿಯೊಂದಕ್ಕೂ ಎರಡೇ ಫಲ, p ಬದಲಾಗದು, ಒಂದರ ಫಲ ಇನ್ನೊಂದಕ್ಕೆ ತಟ್ಟದು | np | np(1−p) | ಬಿತ್ತಿದ 50 ಬೀಜಗಳಲ್ಲಿ ಮೊಳೆತವು ಎಷ್ಟು |
| ಪಾಯ್ಸಾನ್ | ಘಟನೆಗಳು ಬಿಡಿಬಿಡಿಯಾಗಿ, ಸರಾಸರಿ ಒಂದೇ ದರದಲ್ಲಿ ಬರಬೇಕು | λ | λ | ಗಂಟೆಗೆ ಬರುವ ಫೋನ್ ಕರೆಗಳು |
| ಘಾತೀಯ | ಅಂಥ ಎರಡು ಘಟನೆಗಳ ನಡುವಿನ ಸಮಯ | 1/λ | 1/λ² | ಮುಂದಿನ ಕರೆಗೆ ಕಾಯುವ ಹೊತ್ತು |
| ನಾರ್ಮಲ್ | ಹಲವು ಸಣ್ಣ, ಸ್ವತಂತ್ರ ಕಾರಣಗಳು ಕೂಡಿದ ಫಲ | μ | σ² | ಅಳತೆಯ ದೋಷಗಳು |

ವೇರಿಯನ್ಸ್ ಎಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ: ಪ್ರತಿ ಅಂಕಿಯ ಅಂತರವನ್ನು ವರ್ಗ ಮಾಡಿ ಸರಾಸರಿ ತೆಗೆದರೆ ಅದು ಸಿಗುತ್ತದೆ. ನಾವು ಆರಿಸಿದ ಸಾಲು ಸರಿಯೇ ಎಂದು ಪರೀಕ್ಷಿಸಲು ಈ ಕಾಲಂ ಬಹಳ ಉಪಯುಕ್ತ.

ಇದಕ್ಕೆ ಹೆಸರಾದ ಉದಾಹರಣೆ ಪ್ರಷ್ಯಾದ ಸೈನ್ಯದ್ದು. ಲಾಡಿಸ್ಲಾಸ್ ಬೋರ್ಟ್‌ಕೀವಿಚ್ 1898ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕವಿದೆ. 10 ಸೇನಾ ದಳಗಳ 20 ವರ್ಷದ ದಾಖಲೆ, ಅಂದರೆ ಒಟ್ಟು 200 ನಮೂದುಗಳು. 109ರಲ್ಲಿ ಸಾವೇ ಇಲ್ಲ, 65ರಲ್ಲಿ ಒಂದು, 22ರಲ್ಲಿ ಎರಡು, 3ರಲ್ಲಿ ಮೂರು, ಒಂದರಲ್ಲಿ ನಾಲ್ಕು.

ಒಟ್ಟು ಸಾವು 122, ಸರಾಸರಿ 0.61. ವೇರಿಯನ್ಸ್ ಲೆಕ್ಕ ಹಾಕಿದರೆ 0.608. ಎರಡೂ ಹೆಚ್ಚುಕಡಿಮೆ ಒಂದೇ. ಪಾಯ್ಸಾನ್ ಸಾಲು ಕೇಳುವುದೂ ಅದನ್ನೇ. λ ಜಾಗದಲ್ಲಿ 0.61 ಇಟ್ಟರೆ ಸಾವಿಲ್ಲದ ನಮೂದುಗಳು 108.7, ಒಂದು ಸಾವಿನವು 66.3 ಇರಬೇಕು ಎಂದು ಸೂತ್ರ ಹೇಳುತ್ತದೆ. ನಿಜವಾದ 109 ಮತ್ತು 65ಕ್ಕೆ ಎಷ್ಟು ಹತ್ತಿರ ನೋಡಿ!

ಇಲ್ಲಿ ದ್ವಿಪದವನ್ನೇ ಬಳಸಬಹುದಿತ್ತಲ್ಲ ಎಂದು ಕೇಳುವುದು ನ್ಯಾಯ. ಬಳಸಬಹುದಿತ್ತು. ಆದರೆ ದಳದಲ್ಲಿ ಸಾವಿರಾರು ಸೈನಿಕರಿರುತ್ತಾರೆ, ಒಬ್ಬೊಬ್ಬರಿಗೂ ಈ ಅಪಾಯ ಅತಿ ಕಡಿಮೆ. p ಅಷ್ಟು ಸಣ್ಣದಾದಾಗ 1−p ಬಹುತೇಕ 1 ಆಗುತ್ತದೆ, np(1−p) ಹೋಗಿ npಗೆ ತಾಗುತ್ತದೆ. ಪಾಯ್ಸಾನ್‌ನ ಸರಾಸರಿಯೂ ವೇರಿಯನ್ಸೂ ಒಂದೇ ಆಗಿರುವ ಗುಟ್ಟು ಇದೇ. n ಮತ್ತು p ಎರಡನ್ನೂ ಬೇರೆಬೇರೆ ತಿಳಿಯಬೇಕಾದ ಕಷ್ಟವೂ ತಪ್ಪುತ್ತದೆ.

ಇದೇ ಸಾಲನ್ನು ಡೆಂಗಿ ಪ್ರಕರಣಗಳಿಗೆ ಹಚ್ಚಿದರೆ ಕೈಕೊಡುತ್ತದೆ. ಒಂದು ಮನೆಯಲ್ಲಿ ಜ್ವರ ಬಂದರೆ ಅದೇ ಸೊಳ್ಳೆಗಳು ಪಕ್ಕದ ಮನೆಗೂ ಹಬ್ಬಿಸುತ್ತವೆ. ಘಟನೆಗಳು ಬಿಡಿಬಿಡಿಯಾಗಿ ಉಳಿಯುವುದಿಲ್ಲ, ಗುಂಪುಗೂಡುತ್ತವೆ. ವಾರವಾರದ ಎಣಿಕೆಯ ವೇರಿಯನ್ಸ್ ಸರಾಸರಿಯನ್ನು ಮೀರಿ ಏರುತ್ತದೆ. ಆಗಲೂ ಪಾಯ್ಸಾನನ್ನೇ ಹಿಡಿದರೆ ಕೆಟ್ಟ ವಾರಗಳು ಎಷ್ಟು ಬರಬಹುದು ಎಂಬ ಅಂದಾಜು ತೀರಾ ಕಡಿಮೆಯಾಗುತ್ತದೆ, ಆಸ್ಪತ್ರೆಯ ಹಾಸಿಗೆ ಸಾಲದೆ ಹೋಗುತ್ತದೆ. ಇಂಥ ಎಣಿಕೆಗೆ ಕೋಷ್ಟಕದಲ್ಲಿ ಐದನೇ ಸಾಲು ಬೇಕು: ನೆಗೆಟಿವ್ ಬೈನಾಮಿಯಲ್. ಅದರಲ್ಲಿ ವೇರಿಯನ್ಸ್ ಯಾವಾಗಲೂ ಸರಾಸರಿಗಿಂತ ಹೆಚ್ಚು.