ಹುಡುಕುಪದಗಳ ಆಯ್ಕೆ

ಹಳಿಯಾಳ, ಮುಂಡಗೋಡ, ಜೋಯಿಡಾ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನರು ವಾಸವಾಗಿದ್ದಾರೆ. ಇವರ ಪೂರ್ವಜರು ಆಫ್ರಿಕಾದಿಂದ ಬಂದವರು. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಬಲು ಸೊಗಸಾದುದು. ದಾಂಡೇಲಿಯ ವಿದ್ಯಾರ್ಥಿನಿಯೊಬ್ಬಳು ಈ ಕೌದಿಯನ್ನು ಕುರಿತು ಸಂಶೋಧನೆ ಮಾಡಲು ಬಯಸಿದಳೆಂದು ಭಾವಿಸೋಣ. ಹಿಂದಿನವರು ಇದನ್ನು ಎಷ್ಟರಮಟ್ಟಿಗೆ ಅಭ್ಯಾಸ ಮಾಡಿದ್ದಾರೆಂಬುದನ್ನು ಆಕೆ ಮೊದಲು ತಿಳಿಯಬೇಕು. ಏನೂ ಇಲ್ಲದಿದ್ದರೆ ಅವಳ ಮಾತಿಗೆ ಆಧಾರ ದೊರೆಯದು. ಎಲ್ಲವೂ ಆಗಿಹೋಗಿದ್ದರೆ ಹೊಸದಾಗಿ ಹೇಳಲು ಉಳಿಯದು.

ಆಕೆ ಗಣಕಯಂತ್ರದಲ್ಲಿ "ಹಳಿಯಾಳದ ಸಿದ್ದಿಯರ ಕೌದಿ ಕಲೆ" ಎಂದು ಇಡಿಯ ಶೀರ್ಷಿಕೆಯನ್ನೇ ಬರೆದು ಹುಡುಕಿದಳು. ದೊರೆತದ್ದು ಅತ್ಯಲ್ಪ. ವಿಷಯವನ್ನು ಕೈಬಿಡಬೇಕೆನಿಸಿತು. ಆದರೆ ಕೊರತೆಯಿದ್ದುದು ಅಧ್ಯಯನಗಳಲ್ಲಲ್ಲ, ಪದಗಳಲ್ಲಿ. ಆ ಶೀರ್ಷಿಕೆಯಲ್ಲಿ ಜನ, ವಸ್ತು, ಸ್ಥಳ ಎಂಬ ಮೂರು ಅಂಶಗಳಿವೆ. ಒಂದೊಂದಕ್ಕೂ ಬೇರೆಯವರು ಯಾವ ಹೆಸರನ್ನು ಬಳಸಿರಬಹುದೆಂದು ಯೋಚಿಸಬೇಕು.

ಜನರ ಹೆಸರೇ ಹೆಚ್ಚು ತೊಡಕಿನದು. ಇಂಗ್ಲಿಷಿನಲ್ಲಿ ಅದನ್ನು Siddi, Sidi, Siddhi ಎಂದು ಬಗೆಬಗೆಯಾಗಿ ಬರೆದಿದ್ದಾರೆ. Habshi ಎಂಬ ಹೆಸರೂ ಉಂಟು. ಟಿ. ಸಿ. ಪಾಲಾಕ್ಷಪ್ಪನವರು 1976ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರು The Siddhis of North Kanara. Siddi ಎಂದಷ್ಟೇ ಹುಡುಕುವವರಿಗೆ ಇದು ತಪ್ಪಿಹೋಗಬಹುದು. ಆದರೆ Siddhi ಎಂದೊಡನೆ ಯೋಗಸಿದ್ಧಿಯ ಪುಸ್ತಕಗಳು ಮುತ್ತಿಕೊಳ್ಳುತ್ತವೆ! ಕನ್ನಡದಲ್ಲಿಯೂ ಒಂದು ಮಹಾಪ್ರಾಣಾಕ್ಷರ ಇದೇ ಪೇಚನ್ನು ತಂದಿಡುತ್ತದೆ. ಆಗ ಜೊತೆಗೆ ಸ್ಥಳದ ಹೆಸರನ್ನೋ African ಎಂಬ ಪದವನ್ನೋ ಸೇರಿಸಿದರೆ ಬೇಡವಾದುವು ಬಹುಮಟ್ಟಿಗೆ ಸರಿಯುತ್ತವೆ.

ಸ್ಥಳದ ಹೆಸರುಗಳೂ ಬದಲಾಗಿವೆ. ಉತ್ತರ ಕನ್ನಡವು ಹಳೆಯ ಬರಹಗಳಲ್ಲಿ North Kanara ಆಗಿದೆ. ಜೋಯಿಡಾ ತಾಲ್ಲೂಕು ಹಿಂದೆ ಸೂಪಾ ಎನಿಸಿತ್ತು. ವಸ್ತುವಿನ ಮಾತಿಗೆ ಬಂದರೆ, ಕೌದಿಯನ್ನು quilt ಎಂದು ಹುಡುಕಿದಾಗ, ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಸಿದ್ದಿ ಕೌದಿಗಳನ್ನು ಕುರಿತು ಬರೆದುದು ಕಣ್ಣಿಗೆ ಬಿತ್ತು. ಅವರು ಬಳಸುವ kawandi ಎಂಬ ಪದವು ಆಕೆಗೆ ಹೊಸ ಬಾಗಿಲನ್ನೇ ತೆರೆಯಿತು.

ಎಲ್ಲಿ ಹುಡುಕಬೇಕೆಂಬುದೂ ಮುಖ್ಯ. ವಿದ್ವತ್ ಲೇಖನಗಳಿಗೆ Google Scholar, ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ Shodhganga ನೆರವಾಗುತ್ತವೆ. ಕನ್ನಡದ ಅನೇಕ ಪುಸ್ತಕಗಳು ಇವೆರಡರಲ್ಲಿಯೂ ಕಾಣವು. ಅವಕ್ಕಾಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಂಥ ಕಡೆಯ ಗ್ರಂಥಾಲಯಕ್ಕೆ ಹೋಗಬೇಕು. ಈ ಜಿಲ್ಲೆಯು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ 1883ರ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟವನ್ನೂ ನೋಡುವುದು ಲೇಸು.

ತೆರೆಯ ಮೇಲೆ ಕಾಣುವ ಸಾವಿರಾರು ಎಂಬ ಸಂಖ್ಯೆಯನ್ನು ನಂಬಲಾಗದು. ಒಂದೇ ಅಧ್ಯಯನವನ್ನು ಹತ್ತು ಪತ್ರಿಕೆಗಳು ಮರುನುಡಿದಿದ್ದರೆ ಅದು ಒಂದೇ. ಆಕೆ ದೊರೆತ ಪ್ರತಿಯೊಂದು ಬರಹದ ಕೊನೆಯ ಗ್ರಂಥಸೂಚಿಯನ್ನು ಓದುತ್ತ, ಹೊಸ ಹೆಸರುಗಳನ್ನು ಬರೆದುಕೊಳ್ಳುತ್ತ ಹೋದಳು. ಕೆಲದಿನಗಳಲ್ಲಿ ಹಳೆಯ ಹೆಸರುಗಳೇ ಮರಳಿ ಮರಳಿ ಬರತೊಡಗಿದವು. ಹುಡುಕಾಟವು ಬಹುಮಟ್ಟಿಗೆ ಮುಗಿಯಿತೆಂಬುದಕ್ಕೆ ಇದೇ ಗುರುತು. ಆಮೇಲೆ ಆಕೆ ಆ ಬರಹಗಳನ್ನು ಎರಡು ಪಾಲು ಮಾಡಿದಳು: ಸಿದ್ದಿ ಜನರನ್ನು ಕುರಿತವು ಒಂದೆಡೆ, ಕೌದಿಯನ್ನೇ ಕುರಿತವು ಇನ್ನೊಂದೆಡೆ. ಮೊದಲನೆಯ ಕಟ್ಟು ದಪ್ಪವಾಗಿತ್ತು, ಎರಡನೆಯದು ತೆಳುವಾಗಿತ್ತು. ಆಕೆ ವಿಷಯವನ್ನು ಕೈಬಿಡಲಿಲ್ಲ. ಮುಂಡಗೋಡದ ಕಡೆಯ ಒಂದೇ ಹಳ್ಳಿಯನ್ನು ಆರಿಸಿಕೊಂಡು ಕೌದಿ ಹೊಲಿಯುವ ಹೆಂಗಸರನ್ನು ಕಾಣಲು ಹೊರಟಳು.